ಕಟ್ಟಿನ ಬಾಲದ ಚೀಟಿಗಳು

ಆ ಬೆಳಿಗ್ಗೆ ಹುಲಿಗೆವ್ವನಿಗೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತ್ತು. ಬಿಟಿಎಂ ಲೇಔಟಿನಿಂದ ಜಯನಗರಕ್ಕೆ ಒಂಬತ್ತು ಗಂಟೆಯ ಬಸ್ಸಿನಲ್ಲಿ ಜಾಗ ಸಿಗುವುದೆಂದರೆ ಸಣ್ಣ ಮಾತಲ್ಲ. ಜಯದೇವ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಗೆ ತಲೆಯಾನಿಸಿದವಳು ಗಾಢವಾಗಿ ನಿದ್ದೆ ಹೋದಳು; ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಎದ್ದು, ಸೆರಗು ಸರಿಮಾಡಿಕೊಳ್ಳುತ್ತ ಇಳಿದಳು. ಇವತ್ತು ದಿನ ಚೆನ್ನಾಗಿದೆ ಎಂದುಕೊಂಡಳು. ಪಾಪ, ಅವಳಿಗೇನು ಗೊತ್ತು.

ಅವಳು ಹೋಗಬೇಕಾದದ್ದು ಅನಂತರಾಮು ಅವರ ಮನೆಗೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಅನಂತರಾಮು ಮೂವತ್ತು ವರ್ಷಗಳಿಂದ ಒಂದು ನಿಘಂಟಿನ ಬೆನ್ನು ಹತ್ತಿದ್ದರು. ಬಡಗಿ, ಬಳೆಗಾರ, ನೇಕಾರ, ಬೆಸ್ತ, ಗಾಣಿಗ, ಒಕ್ಕಲಿಗ, ಹೀಗೆ ಕಸುಬಿನವರ ಬಾಯಲ್ಲಿ ಓಡಾಡುವ ಮಾತುಗಳನ್ನು ಊರೂರು ಸುತ್ತಿ ಚೀಟಿಗಳಲ್ಲಿ ಬರೆದುಕೊಂಡು ಬಂದಿದ್ದರು. ಒಂದೊಂದು ಪದಕ್ಕೆ ಒಂದೊಂದು ಚೀಟಿ. ಪದ, ಅರ್ಥ, ಯಾವ ಊರು, ಯಾರು ಹೇಳಿದರು, ಒಂದು ವಾಕ್ಯ. ಚೀಟಿಗಳೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ಇದ್ದವು. ಕ, ಕಾ, ಕಿ, ಕೀ ಎಂದು ಒಂದೊಂದು ಅಕ್ಷರಕ್ಕೆ ಒಂದೊಂದು ಕಟ್ಟು, ಕಟ್ಟಿಗೆ ಬಿಳಿ ದಾರ. ಎಣಿಸಿದವರು ಯಾರೂ ಇಲ್ಲ. ಹದಿನೆಂಟು ಸಾವಿರ ಇರಬಹುದೆಂದು ಅಂದಾಜು.

ಮನೆಯ ಪಕ್ಕದ ಕಾರ್‌ಶೆಡ್ಡಿನಲ್ಲಿ ಎಂದೂ ಕಾರು ನಿಂತಿರಲಿಲ್ಲ. ಅಲ್ಲಿ ಒಂದು ಮೇಜು, ಕಂಪ್ಯೂಟರು, ಗೋಡೆಯುದ್ದಕ್ಕೂ ಡಬ್ಬಗಳು. ಹುಲಿಗೆವ್ವ ಒಂದೂವರೆ ವರ್ಷದಿಂದ ಆ ಮೇಜಿನ ಮುಂದೆ ಕೂತು ಚೀಟಿಗಳನ್ನು ಕಂಪ್ಯೂಟರಿಗೆ ಹೊಡೆಯುತ್ತಿದ್ದಳು. ಕುಷ್ಟಗಿಯ ಕಡೆಯವಳು, ನಲವತ್ತು ದಾಟಿತ್ತು. ಗಂಡ ಸಿದ್ದಾರೂಢ ಒಂದು ಆಫೀಸಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ಹೊಡೆಯುವ ಕೆಲಸವನ್ನು ಅವಳು ಯಾವ ಚೀಟಿಯಲ್ಲೂ ಮೈಗಳ್ಳತನ ಮಾಡದೆ ಮಾಡಿದ್ದಳು. ಹಾಗೆಂದೇ ಅವಳು ನಂಬಿದ್ದಳು. ಈ ಕಥೆ ಆ ನಂಬಿಕೆ ಮುರಿದದ್ದರದ್ದು.

ಒಳಗೆ ಬಂದರೆ ಅನಂತರಾಮು ಆಗಲೇ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಆರುನೂರು ಹಾಳೆಯ ಗುಡ್ಡೆ. ಹೊಡೆದದ್ದನ್ನೆಲ್ಲ ಅಕಾರಾದಿಯಾಗಿ ಜೋಡಿಸಿದ ಮೊದಲ ಪಟ್ಟಿ ಅದು. ಜೋಡಿಸಿಕೊಟ್ಟವಳು ಧೃತಿ, ಅನಂತರಾಮು ಅವರ ತಂಗಿಯ ಮೊಮ್ಮಗಳು, ಪ್ರೋಗ್ರಾಮ್ ಬರೆಯುವ ಕೆಲಸದವಳು. ಶನಿವಾರ ಭಾನುವಾರ ಬಿಡುವು ಮಾಡಿಕೊಂಡು ಪುಗಸಟ್ಟೆ ಮಾಡಿಕೊಟ್ಟಿದ್ದಳು. ಹಿಂದಿನ ದಿನ ಪಟ್ಟಿ ತಂದಿಟ್ಟು, ಆಫೀಸಿನ ಕೆಲಸಕ್ಕೆಂದು ಮೂರು ವಾರ ಹೈದರಾಬಾದಿಗೆ ಹೊರಟುಹೋಗಿದ್ದಳು.

"ಬಾಮ್ಮಾ," ಎಂದರು ಅನಂತರಾಮು. ದನಿ ಚೆನ್ನಾಗಿರಲಿಲ್ಲ. "ಆ ಬ ಕಟ್ಟು ತೊಗೊ."

ಹುಲಿಗೆವ್ವ ಡಬ್ಬದಿಂದ ಬ ಕಟ್ಟನ್ನು ತೆಗೆದುಕೊಟ್ಟಳು. ಅವರು ದಾರ ಬಿಚ್ಚಿ, ಕೊನೆಯ ಚೀಟಿಗಳನ್ನು ಕೈಗೆತ್ತಿಕೊಂಡು ಒಂದೊಂದಾಗಿ ಮೇಜಿನ ಮೇಲಿಟ್ಟರು. ಬಳಪ. ಬಳೆ. ಬಳೆಗಾರ. ಬಳ್ಳ. ಬಳ್ಳಿ. ಆಮೇಲೆ ಪಟ್ಟಿಯಲ್ಲಿ ಬ ಮುಗಿದು ಬಾ ಶುರುವಾಗುವ ಹಾಳೆ ತೆಗೆದು ಬೆರಳಿಟ್ಟರು.

"ಬಸಿಗಾಲುವೆ ಆಯ್ತು, ಬಹು ಅನ್ನೋವು ಆದ್ವು, ಅಲ್ಲಿಗೆ ಮುಗೀತು. ಮುಂದೆ ಬಾ. ಎಲ್ಲಮ್ಮಾ ಈ ಚೀಟಿಗಳು?"

ಹುಲಿಗೆವ್ವ ಬಾಗಿ ನೋಡಿದಳು. ನಿಜ. ಬಹು ಆದ ಕೂಡಲೆ ಬಾ.

ಅನಂತರಾಮು ಅವರದ್ದು ಒಂದು ರೂಢಿ. ಕಟ್ಟು ಪೂರ್ತಿ ಆಗಿದೆಯೋ ಇಲ್ಲವೋ ನೋಡಲು ಅವರು ಪೂರ್ತಿ ಓದುತ್ತಿರಲಿಲ್ಲ. ತಲೆ ನೋಡುತ್ತಿದ್ದರು, ಬಾಲ ನೋಡುತ್ತಿದ್ದರು. ಮೊದಲ ಚೀಟಿ ಇದೆಯೆ, ಕೊನೆಯ ಚೀಟಿ ಇದೆಯೆ, ಎರಡೂ ಇದ್ದರೆ ನಡುವಿನದೂ ಇದೆ. ಕಣ್ಣಿನ ಪೊರೆ ತೆಗೆಸಿದ ಮೇಲಂತೂ ಅಷ್ಟೇ. ಕನ್ನಡದಲ್ಲಿ ಹಕಾರದ ಆಚೆಗೆ ಳಕಾರವೇ ಕೊನೆ, ಹಾಗಾಗಿ ಎಲ್ಲ ಕಟ್ಟುಗಳ ಬಾಲದಲ್ಲೂ ಳಕಾರದ ಚೀಟಿಗಳೇ. ಅವರು ಉ ಕಟ್ಟು ತೆಗೆಸಿದರು: ಉಳಿ ಇಲ್ಲ, ಉಳುಮೆ ಇಲ್ಲ. ಕೊ ಕಟ್ಟು: ಕೊಳಗ ಇಲ್ಲ. ಮೊ ಕಟ್ಟು: ಮೊಳೆ ಇಲ್ಲ. ಬೇ ಕಟ್ಟು: ಬೇಳೆ ಇಲ್ಲ. ಹುಲಿಗೆವ್ವ ತಾನೂ ಒಂದೊಂದು ಹಾಳೆ ತಿರುವಿ ಹಕಾರದ ಆಚೆಗೆ ಹುಡುಕಿದಳು. ಎಲ್ಲೆಲ್ಲೂ ಬಾಲ ಕತ್ತರಿಸಿದಂತೆ ಇತ್ತು.

"ನಾ ಎಲ್ಲಾ ಹೊಡದೀನ್ರೀ ಸರ್," ಎಂದಳು. "ನೋಡ್ರಿ, ಚೀಟಿ ಮ್ಯಾಲ ಕೆಂಪು ಗೀಟು ಅದಾವ."

"ಗೀಟು ಎಳೆಯೋದು ಯಾರಿಗೆ ಕಷ್ಟ?"

ಆ ಮಾತು ಸುಳ್ಳೂ ಆಗಿರಲಿಲ್ಲ. ಯಾಕೆಂದರೆ ಅವಳು ಗೀಟೆಳೆಯುತ್ತಿದ್ದದ್ದು ಚೀಟಿ ಚೀಟಿಗಲ್ಲ. ಒಂದು ಕಟ್ಟು ಮುಗಿದ ಮೇಲೆ ಸಂಜೆ ಹೊರಡುವ ಮುಂಚೆ ಎಲ್ಲಕ್ಕೂ ಒಟ್ಟಿಗೆ ಸರಸರ ಎಳೆದು ದಾರ ಕಟ್ಟುತ್ತಿದ್ದಳು. ಕಟ್ಟಿನ ಕೊನೆಗೆ ಬರುವ ಹೊತ್ತಿಗೆ ಬೆನ್ನು ಬಿದ್ದುಹೋಗಿರುತ್ತಿತ್ತು, ಆರು ಗಂಟೆಯ ಬಸ್ಸು ನೆನಪಾಗುತ್ತಿತ್ತು. ಗೀಟು ಇದ್ದ ಮಾತ್ರಕ್ಕೆ ಹೊಡೆದಿದ್ದೇನೆಂದು ಅವಳಿಗೇ ಹೇಳಿಕೊಳ್ಳಲು ಬರುವಂತಿರಲಿಲ್ಲ.

ಅವಳು ಹೊಡೆದ ಫೈಲುಗಳನ್ನೇ ತೆರೆದು ನೋಡಬಹುದಿತ್ತಲ್ಲ ಎನ್ನುತ್ತೀರಿ. ಏಪ್ರಿಲ್‌ನಲ್ಲಿ ಆ ಕಂಪ್ಯೂಟರಿಗೆ ವೈರಸ್ ಹೊಡೆದು, ರಿಪೇರಿಯವನು ಬಂದು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟು ಹೋಗಿದ್ದ. ಅದಕ್ಕೂ ಮುಂಚೆ ಫೈಲುಗಳ ಸೀಡಿ ಧೃತಿಯ ಕೈ ಸೇರಿತ್ತು, ಪುಣ್ಯ. ಆದರೆ ಸೀಡಿಯೂ ಲ್ಯಾಪ್‌ಟಾಪೂ ಧೃತಿಯ ಮನೆಯ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಹೈದರಾಬಾದಿನಲ್ಲಿ.

ಅನಂತರಾಮು ಹೈದರಾಬಾದಿಗೆ ಫೋನು ಮಾಡಿದರು. ಧೃತಿ ಯಾವುದೋ ಮೀಟಿಂಗಿನ ಬಾಗಿಲಲ್ಲಿ ನಿಂತಿದ್ದಳು. "ನಾನು ಒಂದು ಪದಾನೂ ತೆಗ್ದಿಲ್ಲ ತಾತ. ಆಂಟಿ ಕೊಟ್ಟಿದ್ದನ್ನೆಲ್ಲ ಹಾಗ್ಹಾಗೇ ಸಾರ್ಟ್ ಮಾಡಿದೀನಿ, ಅಷ್ಟೇ," ಎಂದಳು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹುಲಿಗೆವ್ವನ ಕತ್ತಿಗೆ ಉರುಲಾದದ್ದೂ ಅದೇ ಮಾತು.

ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಅವಳು ಲೆಕ್ಕ ಹಾಕಿದಳು. ಹೋದ ಮಳೆಗಾಲದಲ್ಲಿ ಅತ್ತೆ ರೇಣವ್ವ ಹಾಸಿಗೆ ಹಿಡಿದಿದ್ದಳು. ಎರಡು ಕೋಣೆಯ ಬಾಡಿಗೆ ಮನೆ. ಮುದುಕಿಯನ್ನು ಎತ್ತಬೇಕು, ಮಗ್ಗುಲು ಬದಲಿಸಬೇಕು, ಒಗೆಯಬೇಕು. ನಾಲ್ಕು ತಿಂಗಳು ಸರಿಯಾಗಿ ನಿದ್ದೆ ಇರಲಿಲ್ಲ. ಕಾರ್‌ಶೆಡ್ಡಿನಲ್ಲಿ ಕೂತಲ್ಲೇ ಕಣ್ಣು ಮುಚ್ಚಿದ್ದು ಎಷ್ಟು ಸಲವೋ. ಒಂದು ದಿನ ಕೀಬೋರ್ಡಿನ ಮೇಲೆ ಹಣೆ ತಾಗಿ ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟಿತ್ತು. ನನಗೆ ಗೊತ್ತಿಲ್ಲದೆ ಬಿಟ್ಟಿರಬಹುದಾ? ಬಳೆ ಅಂತ ಹೊಡೆದ ನೆನಪು ಇದೆಯಾ? ಹುಡುಕಿದಷ್ಟೂ ನೆನಪು ಮಸಕಾಯಿತು. ಬನಶಂಕರಿಯ ಕಡೆ ತಿರುಗುವ ಬಸ್ಸುಗಳ ನಡುವೆ ತಮ್ಮ ಬಸ್ಸು ಸಿಕ್ಕಿಕೊಂಡಿದ್ದಾಗ, ಇಲ್ಲ, ಹೊಡೆದಿಲ್ಲ ಅನ್ನಿಸಿತು. ಮನೆ ಮುಟ್ಟುವ ಹೊತ್ತಿಗೆ ಅದು ಖಾತ್ರಿಯೂ ಆಯಿತು. ದಣಿದವರ ತಲೆ ಹೀಗೇ ಆಡುತ್ತದೆ. ತಪ್ಪು ಯಾರದ್ದೆಂದು ಯಾರಾದರೂ ಗಟ್ಟಿಯಾಗಿ ಹೇಳಿಬಿಟ್ಟರೆ, ಹೊತ್ತುಕೊಂಡು ಮಲಗುವುದು ವಾದ ಮಾಡುವುದಕ್ಕಿಂತ ಸಲೀಸು.

ಮರುದಿನ ಬೆಳಿಗ್ಗೆ ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು: "ನನ್ನಿಂದನ ತಪ್ಪಾಗೇದ್ರೀ ಸರ್. ನಮ್ಮತ್ತಿ ಹಾಸಿಗಿ ಹಿಡದಿದ್ರು, ನಿದ್ದಿಗಣ್ಣಾಗ ಕಡೀ ಚೀಟಿ ಬಿಟ್ಟಿರಬೇಕ್ರಿ."

ಅನಂತರಾಮು ಕನ್ನಡಕ ತೆಗೆದು ಒರೆಸಿಕೊಂಡರು. "ಒಪ್ಕೊಂಡೆಯಲ್ಲ, ಅದು ದೊಡ್ಡ ಗುಣ. ಬಿಟ್ಟಿದ್ದನ್ನೆಲ್ಲ ಈಗ ಹೊಡಿ. ಧೃತಿ ಬರೋದ್ರೊಳಗೆ ಆಗ್ಬೇಕು. ಆಗಸ್ಟ್ ಕೊನೇ ವಾರ ಪ್ರೆಸ್ಸಿನವರು ನಮಗೆ ಅಂತ ಮೆಷಿನ್ ಬಿಟ್ಟಿದಾರೆ. ಆಮೇಲೆ ಕೇಳಿದ್ರೆ ಡಿಸೆಂಬರ್ ಅಂತಾರೆ."

ಅವರು ಕೆಟ್ಟ ಮನುಷ್ಯರೇನಲ್ಲ. ಎಪ್ಪತ್ತಾರು ವರ್ಷ; ನಿಘಂಟು ಅಚ್ಚಾಗುವುದನ್ನು ಕಣ್ಣಿಂದ ನೋಡಬೇಕು, ಅಷ್ಟೇ ಆಸೆ. ಆದರೆ ಅವತ್ತು ಮಧ್ಯಾಹ್ನ ಅವರು ಮಾಡಿದ್ದೊಂದು ಕೆಲಸಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಪುಸ್ತಕ ಹೊರತರುವ ಟ್ರಸ್ಟಿನ ಕಾರ್ಯದರ್ಶಿ ವೆಂಕಟಸ್ವಾಮಿಗೆ ತಡವೇಕೆಂದು ಕಾಗದ ಬರೆಯಬೇಕಿತ್ತು. ಅವರ ಕಾಗದಗಳನ್ನೆಲ್ಲ ಟೈಪು ಮಾಡುತ್ತಿದ್ದವಳು ಹುಲಿಗೆವ್ವ. ರೂಢಿಯಂತೆ ಅವರು ಹೇಳುತ್ತ ಹೋದರು, ಅವಳು ಹೊಡೆಯುತ್ತ ಹೋದಳು. "ಬೆರಳಚ್ಚು ಮಾಡಿದವರ ಅಜಾಗರೂಕತೆಯಿಂದ ಪ್ರತಿ ಕಟ್ಟಿನ ಕೊನೆಯ ಪದಗಳು ಬಿಟ್ಟುಹೋಗಿದ್ದು, ಉಳಿದ ಕಸುಬುಗಳ ಎರಡನೆಯ ಸಂಪುಟದ ಕೆಲಸಕ್ಕೆ ಬೇರೆಯವರನ್ನು ನೇಮಿಸಿಕೊಳ್ಳುವುದು ಸೂಕ್ತ." ಅಜಾಗರೂಕತೆ ಎಂಬಲ್ಲಿ ಅವಳ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಆ ಪದವನ್ನೂ ತಪ್ಪಿಲ್ಲದೆ ಹೊಡೆದಳು.

ಅನಂತರಾಮು ಅವರ ಹೆಂಡತಿ ಚೂಡಾಮಣಿ ಕಾಫಿ ಹಿಡಿದು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಏನ್ರೀ, ಅವಳ ಕೈಲೇ ಬರೆಸ್ಬೇಕಾ ಅದನ್ನ?" ಎಂದರು.

"ಮತ್ತಿನ್ಯಾರಿದಾರೆ ಟೈಪ್ ಮಾಡೋಕೆ?" ಎಂದರು ಅವರು, ನಿಜವಾಗಿಯೂ ಅರ್ಥವಾಗದೆ.

ಬಾಲದ ಚೀಟಿಗಳನ್ನು ಬೇರೆ ಮಾಡಿ ಎಣಿಸಿದರೆ ಆರುನೂರ ಎಂಬತ್ತನಾಲ್ಕು. ಒಂದು ವಾರದ ಕೆಲಸ. ಆದರೆ ಈ ಸಲ ಅನಂತರಾಮು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅವಳು ಒಂದು ಚೀಟಿ ಹೊಡೆದು, ಹೊಡೆದದ್ದನ್ನು ಗಟ್ಟಿಯಾಗಿ ಓದಬೇಕು, ಅವರು ಚೀಟಿ ಕೈಯಲ್ಲಿ ಹಿಡಿದು ಹೂಂ ಅನ್ನಬೇಕು, ಆಮೇಲೆ ಗೀಟು. "ಕೊಳಗ. ನಾಮಪದ. ಧಾನ್ಯ ಅಳೆಯುವ ಒಂದು ಅಳತೆ." ಹೂಂ. "ಗಳೆ. ನಾಮಪದ. ನೇಗಿಲು ಹೂಡಿದ ಎತ್ತಿನ ಜೋಡಿ." ಹೂಂ. ದಿನಕ್ಕೆ ನಲವತ್ತು ಚೀಟಿ ದಾಟುತ್ತಿರಲಿಲ್ಲ. ನಲವತ್ಮೂರು ವರ್ಷದ ಹೆಂಗಸು ಒಂದನೇ ಕ್ಲಾಸಿನ ಮಗುವಿನ ಹಾಗೆ ಓದಿ ಒಪ್ಪಿಸುವುದು, ಮೂರು ವಾರ! ಸಂಜೆ ಮನೆಗೆ ಹೋಗಿ ಒಲೆಯ ಮುಂದೆ ನಿಂತರೆ ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ರುಚಿ ನೋಡುತ್ತಿದ್ದಳು. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ಹಾಕಿದ್ದು ಖರೆಯೇ ಎಂದು ವಾಪಸ್ಸು ಬಂದು ಜಗ್ಗಿ ನೋಡುತ್ತಿದ್ದಳು.

"ಏನಾಗ್ಯದ ನಿನಗ?" ಎಂದು ಕೇಳಿದ ಸಿದ್ದಾರೂಢ.

"ನನ್ನ ಮ್ಯಾಲ ನನಗ ನಂಬಿಕಿ ಹೋಗ್ಯದ," ಎಂದಳು. ಅವನು ಎದ್ದು ಹೋಗಿ ತಾನೇ ಬೀಗ ನೋಡಿಕೊಂಡು ಬಂದ.

ಆಗಸ್ಟ್ ಮೊದಲ ಶನಿವಾರ ಧೃತಿ ಬಂದಳು. ಹೊಸ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಹಳೆಯದರ ಜೊತೆ ಸೇರಿಸಿ, ಅದೇ ಪ್ರೋಗ್ರಾಮಿನಲ್ಲಿ ಮತ್ತೆ ಜೋಡಿಸಿ, ಭಾನುವಾರ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪನ್ನೂ ಹೊಸ ಹಾಳೆಗಳನ್ನೂ ಹೊತ್ತು ತಂದಳು. ಹುಲಿಗೆವ್ವನನ್ನೂ ರಜೆಯ ದಿನವೇ ಬರಹೇಳಿದ್ದರು. ಎಲ್ಲರೂ ಕಾರ್‌ಶೆಡ್ಡಿನಲ್ಲಿ ಸೇರಿದರು. ಅನಂತರಾಮು ಹಾಳೆಗಳನ್ನು ತಿರುವಿ ಬ ಮುಗಿಯುವಲ್ಲಿಗೆ ಬಂದು ಬೆರಳಿಟ್ಟರು.

ಬಸಿಗಾಲುವೆ. ಬಹು. ಬಾ.

ಅವರು ಸರಸರ ಹಾಳೆ ತಿರುವಿದರು. ಮೊ ನೋಡಿದರು, ಉ ನೋಡಿದರು, ಕೊ ನೋಡಿದರು. ಬಾಲ ಇಲ್ಲ. ತಮ್ಮ ಕಣ್ಣೆದುರಿಗೆ, ತಾವು ಹೂಂ ಅಂದು ಹೊಡೆಸಿದ ಆರುನೂರ ಎಂಬತ್ತನಾಲ್ಕು ಪದಗಳು ಮತ್ತೆ ಇಲ್ಲ. ಹುಲಿಗೆವ್ವ ತಾನೂ ಬಗ್ಗಿ ನೋಡಿದಳು, ಇಲ್ಲ. ಈ ಸಲ ನಿದ್ದೆಗಣ್ಣಿರಲಿಲ್ಲ, ಈ ಸಲ ಓದಿ ಒಪ್ಪಿಸಿದ್ದಳು. ತನಗೆ ತಲೆಯೇ ಕೆಟ್ಟಿದೆಯೇ ಎಂದು ನಿಜಕ್ಕೂ ಹೆದರಿದಳು.

"ಕೊಡಿ ಇಲ್ಲಿ," ಎಂದರು ಚೂಡಾಮಣಿ. ಅವರು ಹೈಸ್ಕೂಲು ದಾಟಿದವರಲ್ಲ. ಮದುವೆಯಾಗಿ ಐವತ್ತು ವರ್ಷವಾದರೂ ಗಂಡನ ನಿಘಂಟುಗಳಲ್ಲಿ ಒಂದು ಪದವನ್ನೂ ಅವರು ನೇರವಾಗಿ ಹುಡುಕಿ ತೆಗೆದದ್ದಿಲ್ಲ. ಯಾವ ಅಕ್ಷರದ ಮುಂದೆ ಯಾವ ಅಕ್ಷರವೆಂದು ನೆನಪಿಡುವ ಗೋಜೇ ಅವರಿಗಿರಲಿಲ್ಲ. ಬ ಎಲ್ಲಿ ಶುರುವಾಗುತ್ತದೋ ಅಲ್ಲಿಂದ, ತಿಂಗಳ ಸಾಮಾನಿನ ಚೀಟಿ ಓದುವಂತೆ, ಒಂದೊಂದೇ ಸಾಲಿನ ಮೇಲೆ ಬೆರಳೆಳೆಯುತ್ತ ಬಂದರು. ಬಗರಿ, ಬಟ್ಟಲು, ಬಡಿಗೆ, ಬಣವೆ, ಬತ್ತ. ಅನಂತರಾಮು ನಿಟ್ಟುಸಿರು ಬಿಟ್ಟರು. ಬಲೆ.

"ಅಯ್ಯೋ, ಇಲ್ಲೇ ಇದೆಯಲ್ರೀ ನಿಮ್ಮ ಬಳಪ! ಬಳೆ, ಬಳೆ. ಬಳೆಗಾರ, ಬಳೆಗಾರ. ಬಳ್ಳ, ಬಳ್ಳ. ಎಲ್ಲಾ ಎರಡೆರಡು ಸಲ ಇದೆ."

ಧೃತಿ ಧಡಕ್ಕನೆ ಎದ್ದು ಅಜ್ಜಿಯ ಭುಜದ ಮೇಲಿಂದ ನೋಡಿದಳು. ಬಲೆ ಆಯಿತು, ಬಲ್ಲ ಅನ್ನುವವು ಆದವು, ಆಮೇಲೆ ಬಳಪ, ಬಳೆ, ಬಳ್ಳಿ; ಅದಾದ ಮೇಲೆ ವಕಾರದ್ದು, ಸಕಾರದ್ದು, ಹಕಾರದ್ದು. ಅನಂತರಾಮು ಹಳೆಯ ಪಟ್ಟಿಯನ್ನು ಎಳೆದುಕೊಂಡು ಅದೇ ಜಾಗ ತೆಗೆದರು. ಅಲ್ಲೂ ಇದ್ದವು, ಒಂದೊಂದು ಸಲ. ಜುಲೈ ತಿಂಗಳಿಂದ ಅಲ್ಲೇ ಇದ್ದವು. ಉಳಿ ಅಲ್ಲೇ ಇತ್ತು, ಕೊಳಗ ಅಲ್ಲೇ ಇತ್ತು, ಮೊಳೆ ಅಲ್ಲೇ ಇತ್ತು. ಅಕಾರಾದಿ ರಕ್ತದಲ್ಲಿ ಬೆರೆತ ಇಬ್ಬರು ಹುಡುಕಿದ್ದರು; ಎಲ್ಲಿರಬೇಕೋ ಅಲ್ಲಿಗೇ ನೇರ ಹೋಗಿ, ಅಲ್ಲಿಲ್ಲವೆಂದು ತಿರುಗಿ ಬಂದಿದ್ದರು. ಲಕಾರಕ್ಕೂ ವಕಾರಕ್ಕೂ ನಡುವೆ ಬಗ್ಗಿ ನೋಡಬೇಕೆಂದು ಅವರಿಬ್ಬರಿಗೆ ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

"ನನ್ನ ತಪ್ಪು ತಾತ," ಎಂದಳು ಧೃತಿ. "ನಂದೇ ತಪ್ಪು. ನಾನು ಒಂದ್ಸಲ ಓದಿ ನೋಡ್ಬೇಕಿತ್ತು."

"ಏನಾಯ್ತು ಅಂತ ಹೇಳು."

"ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಅಷ್ಟೇ ಗೊತ್ತು. ಯೂನಿಕೋಡಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ನಂಬರ್. ಲಕ್ಕೆ ಮೂರು ಸಾವಿರದ ಇನ್ನೂರ ಐವತ್ತು. ಳಕ್ಕೆ ಐವತ್ತೊಂದು. ಐವತ್ತೆರಡು ಖಾಲಿ. ವಕ್ಕೆ ಐವತ್ಮೂರು, ಹಕ್ಕೆ ಐವತ್ತೇಳು. ನಾನು ಸುಮ್ನೆ ಆ ನಂಬರ್ ನೋಡಿ ಜೋಡಿಸು ಅಂದೆ, ಅದು ಜೋಡಿಸ್ತು."

"ಳ ಕೊನೇ ಅಕ್ಷರ ಅಂತ ಒಂದನೇ ಕ್ಲಾಸ್ ಮಗೂಗೂ ಗೊತ್ತು. ಲ ಪಕ್ಕ ಯಾಕೆ ಇಟ್ರು ಅದನ್ನ?"

"ನಮ್ಮ ದೇಶದ ಲಿಪಿಗಳಿಗೆಲ್ಲ ಒಂದೇ ಅಚ್ಚಿಟ್ಟು ನಂಬರ್ ಕೊಟ್ಟಿರೋದು ತಾತ. ಆ ಅಚ್ಚಲ್ಲಿ ಲ ಆದ್ಮೇಲೆ ಳ. ಆ ಖಾಲಿ ಜಾಗದಲ್ಲಿ ತಮಿಳಿನವರಿಗೆ ಅವರ ಅಕ್ಷರ ಇದೆ, ನಮಗಿಲ್ಲ. ನಂಬರು ಗುರುತಿಗೆ ಮಾತ್ರ. ನಿಘಂಟಿನ ಕ್ರಮಕ್ಕೆ ಅಲ್ಲ. ಕ್ರಮಕ್ಕೆ ಬೇರೆ ನಿಯಮ ಇದೆ, ಒಂದೊಂದು ಭಾಷೆಗೆ ಒಂದೊಂದು. ಅದನ್ನ ಕೇಳಿ ಜೋಡಿಸು ಅನ್ಬೇಕಿತ್ತು. ನಾನು ಅನ್ಲಿಲ್ಲ."

ಅವಳು ಲ್ಯಾಪ್‌ಟಾಪ್ ತೆರೆದಳು. ಅದಕ್ಕೆಂದೇ ಯಾರೋ ಬರೆದು ಪುಕ್ಕಟೆಯಾಗಿ ಹಂಚಿದ ಒಂದು ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಮುಗಳ ಗಂಟು, ಇತ್ತು. ನಂಬರುಗಳನ್ನು ಹೋಲಿಸುತ್ತಿದ್ದ ಒಂದು ಸಾಲನ್ನು ಅಳಿಸಿ, ಆ ಜಾಗದಲ್ಲಿ ಭಾಷೆ ಕನ್ನಡವೆಂದು ಹೇಳಿ ಲೈಬ್ರರಿಯನ್ನು ಕರೆಯುವ ಎರಡು ಸಾಲು ಬರೆದಳು. ಪ್ರೋಗ್ರಾಮು ಓಡಿತು. ಕಾಫಿ ಲೋಟ ಕೈಗೆತ್ತಿಕೊಂಡಷ್ಟು ಹೊತ್ತೂ ಆಗಲಿಲ್ಲ. ಬ ಮುಗಿಯುವಲ್ಲಿ ಬಸಿಗಾಲುವೆ, ಬಹು, ಆಮೇಲೆ ಬಳಪ ಬಳಪ, ಬಳೆ ಬಳೆ, ಬಳೆಗಾರ ಬಳೆಗಾರ, ಬಳ್ಳ ಬಳ್ಳ, ಬಳ್ಳಿ ಬಳ್ಳಿ. ಆಮೇಲೆ ಬಾ.

ಧೃತಿ ಕೆಳಗೆ ಇಳಿಸುತ್ತ ಹೋದಳು. "ಬೇಳೆ ನೋಡಿ. ಹಳೇ ಫೈಲು ಹಳೇ ಫಾಂಟಿಂದ ಬದಲಾಯಿಸಿದ್ದು. ಅದರಲ್ಲಿ ಬೇ ಅನ್ನೋದು ಎರಡು ತುಂಡು, ಬೆ ಬೇರೆ, ದೀರ್ಘ ಬೇರೆ. ಆಂಟಿ ಈಗ ಹೊಡೆದಿರೋದು ಒಂದೇ ತುಂಡು. ಕಣ್ಣಿಗೆ ಒಂದೇ ಥರ ಕಾಣುತ್ತೆ, ನಂಬರ್ ಬೇರೆ. ಅದಕ್ಕೇ ಬೆಳಿಗ್ಗೆ ಪಟ್ಟಿಯಲ್ಲಿ ಎರಡು ಬೇಳೆ ದೂರ ದೂರ ಬಿದ್ದಿದ್ವು. ಈಗ ಎರಡೂ ಒಂದೇ ಅಂತ ಅದಕ್ಕೆ ಗೊತ್ತಾಗ್ತಿದೆ, ಒಟ್ಟಿಗೆ ಬಂದಿವೆ."

ಅನಂತರಾಮು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ. ಅವರು ಪರದೆಯ ಮೇಲಿನ ಜೋಡಿಗಳನ್ನೇ ನೋಡುತ್ತಿದ್ದರು. ಪ್ರತಿ ಜೋಡಿಯ ಮೊದಲನೆಯದು ಹೋದ ವರ್ಷದ್ದು, ಹುಲಿಗೆವ್ವ ನಿದ್ದೆಗೆಟ್ಟು ಹೊಡೆದದ್ದು. ಎರಡನೆಯದು ಅವರು ಪಕ್ಕದಲ್ಲಿ ಕೂತು ಓದಿಸಿದ್ದು. ಅವರು ಒಂದು ಜೋಡಿ ಓದಿದರು, ಹತ್ತು ಓದಿದರು, ಐವತ್ತು ಓದಿದರು. ಎರಡರ ನಡುವೆ ಒಂದು ಕೊಂಬಿನ ವ್ಯತ್ಯಾಸವೂ ಅವರಿಗೆ ಸಿಗಲಿಲ್ಲ.

ಆಗ ತಿರುಗಿ ನೋಡಿದರು. ಹುಲಿಗೆವ್ವ ಡಬ್ಬಗಳ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಖುಷಿಯೂ ಕಾಣುತ್ತಿರಲಿಲ್ಲ. ಸುಸ್ತಾಗಿತ್ತು, ಅಷ್ಟೇ.

"ಒಂದನ್ನೂ ಬಿಟ್ಟಿರ್ಲಿಲ್ವಲ್ಲಮ್ಮಾ ನೀನು," ಎಂದರು. "ಮತ್ಯಾಕೆ ಒಪ್ಕೊಂಡೆ? ಇಲ್ಲ, ನಾನು ಮಾಡಿದೀನಿ ಅಂತ ಜಗಳ ಆಡ್ಬಾರ್ದಿತ್ತಾ?"

"ನೀವು ಹೇಳಿದ್ರಲ್ರೀ," ಎಂದಳು. "ಒಂದೂವರಿ ವರ್ಷ ನಾ ತಪ್ಪು ಹೊಡದಾಗೆಲ್ಲಾ ನೀವ ಹಿಡದೀರಿ, ಒಂದ ಸಲಾನೂ ನಿಮ್ಮ ಮಾತು ಸುಳ್ಳಾಗಿಲ್ಲ. ಈ ಸಲ ಸುಳ್ಳಾಗ್ತದಂತ ನನಗ ಹೆಂಗ ಗೊತ್ತಾಗಬೇಕ್ರಿ? ನಂದ ತಲಿ ಸರಿ ಇಲ್ಲ ಅಂದ್ಕೊಂಡೆ. ಮನಿ ಬೀಗ ಹಾಕಿ ಎರಡೆರಡು ಸಲ ನೋಡಾಕ ಹತ್ತೀನ್ರಿ."

ಚೂಡಾಮಣಿ ಗಂಡನ ಕಡೆ ನೋಡಿದರು. ಆ ನೋಟವೇ ಸಾಕಿತ್ತು.

"ವೆಂಕಟಸ್ವಾಮಿಗೆ ಇನ್ನೊಂದು ಕಾಗದ ಹಾಕ್ಬೇಕು," ಎಂದರು ಅನಂತರಾಮು. "ಎರಡನೇ ಸಂಪುಟಾನೂ ನೀನೇ ಮಾಡ್ಬೇಕು ಅಂತ. ನನ್ನ ತಪ್ಪು ಅಂತ." ರೂಢಿಬಲದಿಂದ ಅವರ ಕೈ ಅವಳ ಕೀಬೋರ್ಡಿನ ಕಡೆ ಹೋಯಿತು. "ತೊಗೊ, ಹೇಳ್ತೀನಿ."

"ಅದನ್ನ ನೀವು ಕೈಲೆ ಬರೀರಿ ಸರ್," ಎಂದಳು ಹುಲಿಗೆವ್ವ.

ಅವರು ಕೈ ಹಿಂದೆ ತೆಗೆದುಕೊಂಡರು. ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಹಳೆಯ ಪಟ್ಟಿಯ ಹಾಳೆಯೊಂದನ್ನು ಮಗುಚಿ, ಬರೆಯತೊಡಗಿದರು. ಅಕ್ಷರ ದೊಡ್ಡದೊಡ್ಡದಾಗಿ, ಸೊಟ್ಟಸೊಟ್ಟಗೆ ಬಂತು. ಯಾರೂ ಅವಸರ ಮಾಡಲಿಲ್ಲ.

ಧೃತಿಗೆ ಇನ್ನೊಂದು ಕೆಲಸ ಉಳಿದಿತ್ತು. ಆರುನೂರ ಎಂಬತ್ತನಾಲ್ಕು ಪದ ಎರಡೆರಡು ಸಲ ಅಚ್ಚಾಗುವಂತಿಲ್ಲ. ಎರಡು ಫೈಲುಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದರ ಜೋಡಿಗಳನ್ನು ತೆಗೆಯಬೇಕು. "ತಾತ, ಯಾವುದು ಇರ್ಲಿ? ನೀವು ಕೂತು ತಾಳೆ ನೋಡಿರೋದು ಎರಡನೇದು. ಅದನ್ನೇ ಇಟ್ಕೊಳ್ಳೋಣ್ವಾ?"

ಅನಂತರಾಮು ಬರೆಯುವುದನ್ನು ನಿಲ್ಲಿಸಿದರು. "ನನ್ನ ಕೇಳ್ಬೇಡ," ಎಂದರು. "ಅವಳನ್ನ ಕೇಳು."

"ಆಂಟಿ?"

ಹುಲಿಗೆವ್ವ ಎದ್ದು ಬಂದು ಪರದೆಯ ಮುಂದೆ ನಿಂತಳು. ಬಳೆ, ಬಳೆ. ನೋಡಲು ಎರಡೂ ಒಂದೇ.

"ಮೊದಲಿನವು ಇರಲಿ," ಎಂದಳು. "ಎರಡನೇವು ಅಂಜಿಕೊಂತ ಹೊಡದದ್ದವ್ವಾ. ಅವನ್ನ ತಗಿ."

ಧೃತಿ ತೆಗೆದಳು.